ಅಡಿಕೆ ಸುಲಿಯುವ ಯಂತ್ರದ ಲೆಕ್ಕ: ಎನ್‌ಪಿವಿ ಲಾಭ ತೋರಿಸುತ್ತಿದೆ, ಭಾವ ನಷ್ಟ ಅಂತಾರೆ

ಪ್ರಶ್ನೆ: ಸರ್, ನಾವು ತೀರ್ಥಹಳ್ಳಿ ಕಡೆಯವರು. ಹಸಿ ಅಡಿಕೆ ಸುಲಿಯುವ ಯಂತ್ರ ಕೊಂಡು ಊರಲ್ಲಿ ಬಾಡಿಗೆಗೆ ಓಡಿಸೋಣ ಅಂತಿದ್ದೇನೆ. ಮಾರ್ಚ್‌ನಲ್ಲಿ ಕೊಂಡರೆ ಸಾಗಿಸುವ ಟ್ರೇಲರ್ ಸೇರಿ 5,00,000 ರೂಪಾಯಿ. ಪೂರ್ತಿ ಸಾಲ, ವರ್ಷಕ್ಕೆ 14% ಬಡ್ಡಿ. ಖರ್ಚು ಕಳೆದು ಕೈಗೆ ಬರುವುದು ಮೊದಲ ವರ್ಷ 90,000, ಎರಡನೇ ವರ್ಷ 1,50,000, ಮೂರನೇ ವರ್ಷ 1,80,000. ನಾಲ್ಕನೇ ವರ್ಷ ಕೊಳೆ ರೋಗ ಬಂದು ಫಸಲು ಹೋದರೆ ಅಂತ ಏನೂ ಹಿಡಿದಿಲ್ಲ. ಐದನೇ ವರ್ಷ 1,60,000. ಆರನೇ ವರ್ಷ 1,40,000, ಜೊತೆಗೆ ಯಂತ್ರ ಮಾರಿದರೆ 60,000. ಎಕ್ಸೆಲ್‌ನಲ್ಲಿ `=NPV(14%,B2:B8)` ಹಾಕಿದೆ, 12,692 ಬಂತು. `IRR` 15% ತೋರಿಸುತ್ತೆ. ನಮ್ಮ ಭಾವ ಕಾಗದದ ಮೇಲೆ ಲೆಕ್ಕ ಹಾಕಿ ಹತ್ತು ಸಾವಿರ ನಷ್ಟ ಅಂತಾರೆ. ಯಾರದು ಸರಿ? ಯಂತ್ರ ತಗೊಳ್ಲಾ, ಬೇಡವಾ?

ಉತ್ತರ: ನಿಮ್ಮ ಭಾವನ ಲೆಕ್ಕ ಸರಿ ಇದೆ. ಮುಂದೆ ಬರುವ ದುಡ್ಡಿನ ಇವತ್ತಿನ ಬೆಲೆಯಿಂದ ಇವತ್ತು ಹಾಕುವ ದುಡ್ಡು ಕಳೆದರೆ ಉಳಿಯುವುದೇ ಎನ್‌ಪಿವಿ, ಯಂತ್ರ ತಾಳಬಲ್ಲ ಬಡ್ಡಿಯೇ ಐಆರ್‌ಆರ್. ನೀವು ಕೊಟ್ಟ ಅಂಕಿಗಳಿಗೆ ಸರಿಯಾದ ಎನ್‌ಪಿವಿ 9,921 ರೂಪಾಯಿ ನಷ್ಟ, ಐಆರ್‌ಆರ್ 13.3%. ಆದರೆ ಅಷ್ಟಕ್ಕೇ ಯಂತ್ರ ಬೇಡ ಎಂದು ತೀರ್ಮಾನ ಮಾಡಬೇಡಿ. ನಿಮ್ಮ ಪ್ರಶ್ನೆಯಲ್ಲಿ ಒಂದು ತಿಂಗಳ ಹೆಸರು ಇದೆ, ಅದರ ಮೇಲೆ ತುಂಬಾ ನಿಂತಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಹಾಳೆಯಲ್ಲಿ ಏನಾಗಿದೆ ನೋಡೋಣ.

ನಿಮ್ಮ ಅಂಕಿಗಳನ್ನು ಹಾಗೇ ಹಾಕಿಕೊಂಡು ಲೆಕ್ಕ ಮಾಡಿದೆ. 12,692 ಬರಬೇಕಾದರೆ ಒಂದೇ ದಾರಿ. ನಾಲ್ಕನೇ ವರ್ಷದ ಸೆಲ್‌ನಲ್ಲಿ ನೀವು ಸೊನ್ನೆ ಹಾಕಿಲ್ಲ, ಸುಮ್ನೆ ಖಾಲಿ ಬಿಟ್ಟಿದ್ದೀರಿ. "ಏನೂ ಹಿಡಿದಿಲ್ಲ" ಎಂದು ಬರೆದಿದ್ದೀರಲ್ಲ, ಹಾಳೆಯಲ್ಲೂ ಹಾಗೇ ಮಾಡಿದ್ದೀರಿ.

ನಮಗೆ ಖಾಲಿ ಸೆಲ್ ಎಂದರೂ ಸೊನ್ನೆ ಎಂದರೂ ಒಂದೇ. `NPV` ಸೂತ್ರಕ್ಕೆ ಹಾಗಲ್ಲ. ಅದು ವರ್ಷದ ಸಂಖ್ಯೆ ಇರುವ A ಕಾಲಂ ಕಡೆ ನೋಡುವುದೇ ಇಲ್ಲ. ಕೊಟ್ಟ ಸಾಲಿನಲ್ಲಿ ಸಿಕ್ಕ ಅಂಕಿಗಳನ್ನು ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗುತ್ತದೆ. ಖಾಲಿ ಸೆಲ್ ಸಿಕ್ಕರೆ ಅದನ್ನು ಎಣಿಸದೆ ದಾಟುತ್ತದೆ. ಹಾಗಾಗಿ ನಿಮ್ಮ ಐದನೇ ವರ್ಷದ 1,60,000 ನಾಲ್ಕನೇ ವರ್ಷಕ್ಕೆ ಬಂತು. ಆರನೇ ವರ್ಷದ 2,00,000 ಐದನೇ ವರ್ಷಕ್ಕೆ ಬಂತು. ಫಸಲು ಹೋದ ವರ್ಷವೇ ಲೆಕ್ಕದಿಂದ ಮಾಯವಾಯಿತು. ದುಡ್ಡು ಒಂದು ವರ್ಷ ಮುಂಚೆ ಬಂದಂತೆ ಆದ್ದರಿಂದ ನಷ್ಟ ಇದ್ದದ್ದು ಲಾಭ ಎಂದು ಕಾಣಿಸಿತು.

`IRR` ಕೂಡ ಖಾಲಿ ಸೆಲ್ಲನ್ನು ಹೀಗೇ ದಾಟುತ್ತದೆ. 13.3% ಇರಬೇಕಾದದ್ದು ನಿಮಗೆ 15% ಕಂಡದ್ದು ಅದಕ್ಕೇ. ಎರಡೂ ಸೂತ್ರ ಒಂದೇ ಕಡೆ ತಪ್ಪಿದ್ದರಿಂದ ಒಂದಕ್ಕೊಂದು ತಾಳೆಯಾದಂತೆ ಕಂಡವು. ಎನ್‌ಪಿವಿ ಪ್ಲಸ್, ಐಆರ್‌ಆರ್ 14%ಕ್ಕಿಂತ ಜಾಸ್ತಿ. ಯಾರಿಗೂ ಅನುಮಾನ ಬರುವುದಿಲ್ಲ. ಈ ತಪ್ಪನ್ನು ಸೂತ್ರ ಎಷ್ಟು ಸಲ ನೋಡಿದರೂ ಹಿಡಿಯಲಾಗುವುದಿಲ್ಲ, ಯಾಕೆಂದರೆ ತಪ್ಪು ಸೂತ್ರದಲ್ಲಿ ಇಲ್ಲ.

ನಿಮ್ಮ ಹಾಳೆಯಲ್ಲಿ ಇನ್ನೊಂದು ತಪ್ಪೂ ಇದೆ. ಅದು ಸಣ್ಣದು, ಆದರೆ ಬಹಳ ಜನ ಮಾಡುವಂಥದ್ದು. `NPV` ಸೂತ್ರ ತನಗೆ ಕೊಟ್ಟ ಮೊದಲ ಅಂಕಿ ಮೊದಲ ವರ್ಷದ ಕೊನೆಗೆ ಬರುತ್ತದೆ ಎಂದು ತಿಳಿಯುತ್ತದೆ. ನೀವು B2ಯಿಂದ ಶುರು ಮಾಡಿದ್ದೀರಿ. B2ನಲ್ಲಿ ಇರುವುದು ಇವತ್ತು ಕೊಡುವ 5,00,000. ಅದನ್ನೂ ಸೂತ್ರ ಒಂದು ವರ್ಷ ಮುಂದಕ್ಕೆ ತಳ್ಳಿತು, ಅದರ ಹಿಂದೆ ಇದ್ದ ಎಲ್ಲವೂ ಒಂದೊಂದು ವರ್ಷ ಮುಂದಕ್ಕೆ ಹೋದವು. ಹೀಗಾದಾಗ ಪ್ಲಸ್ ಇದ್ದದ್ದು ಮೈನಸ್ ಆಗುವುದಿಲ್ಲ, ಪೂರ್ತಿ ಉತ್ತರ 1.14ರಿಂದ ಭಾಗಿಸಿದಂತೆ ಕುಗ್ಗುತ್ತದೆ ಅಷ್ಟೇ. ಇವತ್ತು ಕೊಡುವ ದುಡ್ಡನ್ನು ಸೂತ್ರದ ಹೊರಗೆ ಇಡಬೇಕು:

```
=NPV(14%,B3:B8)+B2
```

B2ನಲ್ಲಿ -500000 ಎಂದು ಮೈನಸ್ ಚಿಹ್ನೆಯ ಜೊತೆಗೇ ಇರಬೇಕು. ಆದ್ದರಿಂದ ಕೊನೆಯಲ್ಲಿ ಕೂಡಿಸುವುದು, ಕಳೆಯುವುದಲ್ಲ. ನಾಲ್ಕನೇ ವರ್ಷದ ಸೆಲ್‌ನಲ್ಲಿ, ಅಂದರೆ B6ನಲ್ಲಿ, 0 ಎಂದು ಟೈಪ್ ಮಾಡಿ. ಈಗ -9,921 ಬರುತ್ತದೆ.

`IRR` ವಿಷಯದಲ್ಲಿ ಮಾತ್ರ ಉಲ್ಟಾ. ಅದಕ್ಕೆ ಮೊದಲ ಹೂಡಿಕೆಯೂ ಒಳಗೇ ಬೇಕು, `=IRR(B2:B8)` ಎಂದೇ ಬರೆಯಬೇಕು. ಹೂಡಿಕೆ ಒಳಗಿಲ್ಲದಿದ್ದರೆ ಮೈನಸ್ ಅಂಕಿಯೇ ಇರುವುದಿಲ್ಲ, ಆಗ `#NUM!` ಎಂದು ದೂರು ಕೊಡುತ್ತದೆ. ಒಂದಕ್ಕೆ ಹೊರಗೆ, ಇನ್ನೊಂದಕ್ಕೆ ಒಳಗೆ ಎನ್ನುವ ಈ ವ್ಯತ್ಯಾಸದಿಂದಲೇ ಜನ ಎರಡಕ್ಕೂ ಒಂದೇ ಸಾಲು ಕೊಟ್ಟುಬಿಡುತ್ತಾರೆ.

ಇಂಥ ತಪ್ಪು ಮುಂದೆ ಆಗದಂತೆ ನೋಡಿಕೊಳ್ಳಲು ನಾನು ಬಳಸುವ ಉಪಾಯ ಹೇಳುತ್ತೇನೆ. A ಕಾಲಂನಲ್ಲಿ 0ಯಿಂದ 6ರವರೆಗೆ ವರ್ಷ ಬರೆಯಿರಿ. E1ನಲ್ಲಿ 14% ಹಾಕಿ. C2ನಲ್ಲಿ ಈ ಸೂತ್ರ ಬರೆದು C8ವರೆಗೆ ಕೆಳಗೆ ಎಳೆಯಿರಿ:

```
=B2/(1+$E$1)^A2
```

ಪ್ರತಿ ವರ್ಷದ ದುಡ್ಡು ಇವತ್ತಿನ ಲೆಕ್ಕದಲ್ಲಿ ಎಷ್ಟು ಎಂದು ಇದು ಬಿಡಿಬಿಡಿಯಾಗಿ ತೋರಿಸುತ್ತದೆ. ನಿಮ್ಮ ಅಂಕಿಗಳಿಗೆ ಹೀಗೆ ಬರುತ್ತದೆ:

| ವರ್ಷ | ಕೈಗೆ ಬರುವುದು | 14%ರಲ್ಲಿ ಇವತ್ತಿನ ಬೆಲೆ |
|---|---|---|
| 0 | -5,00,000 | -5,00,000 |
| 1 | 90,000 | 78,947 |
| 2 | 1,50,000 | 1,15,420 |
| 3 | 1,80,000 | 1,21,495 |
| 4 | 0 | 0 |
| 5 | 1,60,000 | 83,099 |
| 6 | 2,00,000 | 91,117 |

ಬರುವ ದುಡ್ಡನ್ನು ಸುಮ್ನೆ ಕೂಡಿದರೆ 7,80,000. ಐದು ಲಕ್ಷ ಹಾಕಿ 2,80,000 ಲಾಭ ಎನಿಸುತ್ತದೆ. ಇವತ್ತಿನ ಬೆಲೆಯಲ್ಲಿ ಕೂಡಿದರೆ ಬರುವುದು 4,90,079 ಮಾತ್ರ, ಅಂದರೆ ಐದು ಲಕ್ಷಕ್ಕೆ 9,921 ಕಡಿಮೆ. ಆರನೇ ವರ್ಷದ ಎರಡು ಲಕ್ಷ ನೋಡಿ, ಅರ್ಧಕ್ಕಿಂತ ಕೆಳಗೆ ಇಳಿದಿದೆ. ನಿಮ್ಮ ಆದಾಯದಲ್ಲಿ ದೊಡ್ಡ ದೊಡ್ಡ ಮೊತ್ತ ಕೊನೆಯಲ್ಲಿ ಕೂತಿರುವುದರಿಂದಲೇ ಈ ಪೆಟ್ಟು.

C ಕಾಲಂನ ಮೊತ್ತವೂ `NPV` ಕೊಟ್ಟ ಉತ್ತರವೂ ಒಂದೇ ಬರಬೇಕು. ಬರದಿದ್ದರೆ ಎಲ್ಲೋ ಒಂದು ಸೆಲ್ ಎಣಿಕೆಗೆ ಸಿಕ್ಕಿಲ್ಲ ಎಂದರ್ಥ. C ಕಾಲಂ ಖಾಲಿ ಸೆಲ್ಲನ್ನು ಸೊನ್ನೆ ಎಂದೇ ತಿಳಿಯುತ್ತದೆ, ವರ್ಷವನ್ನು A ಕಾಲಂನಿಂದ ತೆಗೆದುಕೊಳ್ಳುತ್ತದೆ. ಆದ್ದರಿಂದ ನೀವು B6 ಖಾಲಿ ಬಿಟ್ಟಿದ್ದರೂ ಅದು -9,921 ಎಂದೇ ಹೇಳುತ್ತಿತ್ತು. ಭಾವ ಕಾಗದದ ಮೇಲೆ ಮಾಡಿದ್ದೂ ಇದೇ ಲೆಕ್ಕ ಇರಬೇಕು.

ಖಾಲಿ ಸೆಲ್ ಕಣ್ಣಿಗೆ ಬೀಳುತ್ತದೆ, ಹುಡುಕುವುದು ಸುಲಭ. ಅದಕ್ಕಿಂತ ಕಷ್ಟದ್ದು ಅಂಕಿಯಂತೆ ಕಾಣುವ ಅಕ್ಷರ. "1.6 ಲಕ್ಷ" ಎಂದು ಬರೆದರೆ, ಅಥವಾ ವಾಟ್ಸ್ಆ್ಯಪ್‌ನಿಂದ ಕಾಪಿ ಮಾಡಿದ ಅಂಕಿಯ ಹಿಂದೆ ಒಂದು ಸ್ಪೇಸ್ ಅಂಟಿಕೊಂಡು ಬಂದರೆ, ಎಕ್ಸೆಲ್ ಅದನ್ನು ಅಕ್ಷರ ಎಂದು ತಿಳಿಯಬಹುದು. ಆಗ `NPV`, `IRR` ಎರಡೂ ಸದ್ದಿಲ್ಲದೆ ಅದನ್ನು ಬಿಟ್ಟು ಮುಂದೆ ಹೋಗುತ್ತವೆ. ಅಂಕಿ ಸೆಲ್ಲಿನ ಬಲಕ್ಕೆ ನಿಲ್ಲುತ್ತದೆ, ಅಕ್ಷರ ಎಡಕ್ಕೆ. ನೀವೇ ಅಲೈನ್ ಮಾಡಿಲ್ಲ ಎಂದರೆ ಇದರಿಂದಲೇ ಗೊತ್ತಾಗುತ್ತದೆ. ಖಚಿತವಾಗಿ ತಿಳಿಯಬೇಕಾದರೆ ಯಾವುದಾದರೂ ಖಾಲಿ ಜಾಗದಲ್ಲಿ `=COUNT(B2:B8)` ಹಾಕಿ. ಅದು ನಿಜವಾದ ಅಂಕಿ ಇರುವ ಸೆಲ್‌ಗಳನ್ನು ಮಾತ್ರ ಎಣಿಸುತ್ತದೆ. ನಿಮಗೆ 7 ಬರಬೇಕು. 6 ಬಂದರೆ ಎನ್‌ಪಿವಿ ನೋಡುವ ಮೊದಲು ಆ ಸೆಲ್ ಹುಡುಕಿ.

ಈಗ -9,921 ಎಂದರೆ ಏನು ಎನ್ನುವ ಮಾತು. ನಿಮ್ಮದು ಪೂರ್ತಿ ಸಾಲದ ದುಡ್ಡು, ಹಾಗಾಗಿ ಇದನ್ನು ಸಾಲದ ಪಾಸ್‌ಬುಕ್ ನೋಡಿದಂತೆಯೇ ನೋಡಬಹುದು. ಯಂತ್ರದಿಂದ ಬಂದ ಅಷ್ಟೂ ದುಡ್ಡನ್ನು ಪ್ರತಿ ವರ್ಷದ ಕೊನೆಗೆ ಸಾಲಕ್ಕೇ ಕಟ್ಟುತ್ತೀರಿ ಎಂದಿಟ್ಟುಕೊಳ್ಳಿ. ಐದು ಲಕ್ಷಕ್ಕೆ ಮೊದಲ ವರ್ಷದ ಬಡ್ಡಿ 70,000. ನೀವು 90,000 ಕಟ್ಟಿದರೆ ಅಸಲಿಗೆ ಹೋಗುವುದು 20,000 ಮಾತ್ರ, ಬಾಕಿ 4,80,000. ಎರಡನೇ ವರ್ಷ 1,50,000 ಕಟ್ಟಿದ ಮೇಲೆ ಬಾಕಿ 3,97,200. ಮೂರನೇ ವರ್ಷದ ಕೊನೆಗೆ 2,72,808.

ನಾಲ್ಕನೇ ವರ್ಷ ಏನೂ ಕಟ್ಟಲಾಗುವುದಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ ಅಲ್ವಾ? 38,193 ರೂಪಾಯಿ ಬಡ್ಡಿ ಸೇರಿ ಬಾಕಿ 3,11,001ಕ್ಕೆ ಏರುತ್ತದೆ. ಖಾಲಿ ಸೆಲ್ ನುಂಗಿದ್ದು ಇದೇ ವರ್ಷದ ಬಡ್ಡಿಯನ್ನು. ಐದನೇ ವರ್ಷ 1,60,000 ಕಟ್ಟಿದ ಮೇಲೆ 1,94,541 ಉಳಿಯುತ್ತದೆ. ಆರನೇ ವರ್ಷ ಅದು ಬಡ್ಡಿ ಸೇರಿ 2,21,777 ಆಗುತ್ತದೆ. ಯಂತ್ರವನ್ನೂ ಮಾರಿ 2,00,000 ಕಟ್ಟಿದರೆ ಕೊನೆಗೆ 21,777 ರೂಪಾಯಿ ಸಾಲ ಉಳಿಯುತ್ತದೆ, ಯಂತ್ರ ಕೈಯಲ್ಲಿ ಇರುವುದಿಲ್ಲ.

ಆರು ವರ್ಷದ ಕೊನೆಯ ಈ 21,777 ರೂಪಾಯಿಯನ್ನು 14%ರಲ್ಲಿ ಇವತ್ತಿಗೆ ಇಳಿಸಿದರೆ ಬರುವುದೇ 9,921. ಒಂದೇ ಕೊರತೆಯನ್ನು ಎನ್‌ಪಿವಿ ಇವತ್ತಿನ ರೂಪಾಯಿಯಲ್ಲಿ ಹೇಳುತ್ತದೆ, ಪಾಸ್‌ಬುಕ್ ಕೊನೆಯ ವರ್ಷದ ರೂಪಾಯಿಯಲ್ಲಿ ಹೇಳುತ್ತದೆ.

ಇದರಿಂದ ಒಂದು ಉಪಯೋಗದ ಮಾತು ಸಿಗುತ್ತದೆ. ಬರುವ ದುಡ್ಡಿನ ಇವತ್ತಿನ ಬೆಲೆ 4,90,079 ಎಂದರೆ, 14% ಸಾಲದ ಮೇಲೆ ಈ ಯಂತ್ರಕ್ಕೆ ನೀವು ಕೊಡಬಹುದಾದ ಗರಿಷ್ಠ ಬೆಲೆ ಅದೇ. ಡೀಲರ್ ಹತ್ತು ಸಾವಿರ ಇಳಿಸಿದರೆ ಲೆಕ್ಕ ಸರಿಸಮ ಆಗುತ್ತದೆ. ಆದರೆ ಸರಿಸಮ ಆದರೆ ನಿಮಗೆ ಉಳಿಯುವುದು ಏನೂ ಇಲ್ಲ, ಬರೀ ಸಾಲ ತೀರುತ್ತದೆ ಎನ್ನುವುದು ನೆನಪಿರಲಿ.

ಐಆರ್‌ಆರ್ ಕೂಡ ಇದೇ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ. ಬಡ್ಡಿ ಎಷ್ಟಿದ್ದರೆ ಆರನೇ ವರ್ಷದ ಕೊನೆಗೆ ಬಾಕಿ ಸರಿಯಾಗಿ ಸೊನ್ನೆ ಆಗುತ್ತಿತ್ತೋ ಆ ಬಡ್ಡಿಯೇ ಐಆರ್‌ಆರ್. ನಿಮಗೆ ಅದು 13.32%. ಅಂದರೆ ಈ ಯಂತ್ರ 13.32% ಬಡ್ಡಿಯನ್ನು ತಾಳಬಲ್ಲದು, 14% ತಾಳಲಾರದು. "ಐದು ಲಕ್ಷಕ್ಕೆ ಪ್ರತಿ ವರ್ಷ 13.32% ಗಳಿಕೆ" ಎಂದು ಓದಬೇಡಿ. ಆ ಗಳಿಕೆ ಆಯಾ ವರ್ಷ ಉಳಿದಿರುವ ಬಾಕಿಯ ಮೇಲೆ ಮಾತ್ರ.

ಎಕ್ಸೆಲ್ ಇದನ್ನು ಸುಮ್ನೆ 13% ಎಂದು ತೋರಿಸಬಹುದು. ಸೆಲ್ ಫಾರ್ಮ್ಯಾಟ್‌ನಲ್ಲಿ ಎರಡು ದಶಮಾಂಶ ಇಡಿ. ನಿಮ್ಮಂಥ ಲೆಕ್ಕದಲ್ಲಿ 13.6ಕ್ಕೂ 14.4ಕ್ಕೂ ನಡುವೆ ತೀರ್ಮಾನವೇ ಬದಲಾಗುತ್ತದೆ, ಆದರೆ ದಶಮಾಂಶ ಇಲ್ಲದೆ ಎರಡೂ 14% ಎಂದೇ ಕಾಣುತ್ತವೆ. ಐಆರ್‌ಆರ್ ಸರಿ ಇದೆಯೇ ಎಂದು ನೋಡಲು ಅದನ್ನೇ ಎನ್‌ಪಿವಿಗೆ ಕೊಡಿ:

```
=NPV(IRR(B2:B8),B3:B8)+B2
```

ಉತ್ತರ ಸೊನ್ನೆ ಅಥವಾ ಸೊನ್ನೆಗೆ ತೀರಾ ಹತ್ತಿರ ಬರಬೇಕು. ಆದರೆ ಈ ಪರೀಕ್ಷೆ ಖಾಲಿ ಸೆಲ್ಲನ್ನು ಹಿಡಿಯುವುದಿಲ್ಲ, ಎರಡೂ ಸೂತ್ರ ಅದನ್ನು ಒಟ್ಟಿಗೇ ದಾಟುತ್ತವೆ. ಅದಕ್ಕೇ `COUNT` ಮೊದಲು, ಇದು ಆಮೇಲೆ.

ನಿಮ್ಮ ಲೆಕ್ಕಕ್ಕೆ ಬೇಕಿಲ್ಲದಿದ್ದರೂ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮಲ್ಲಿ ಮೈನಸ್ ಒಂದೇ ಸಲ, ಶುರುವಿನಲ್ಲಿ ಇದೆ. ಆದ್ದರಿಂದ ಐಆರ್‌ಆರ್ ಒಂದೇ. ಶುರುವಿನಲ್ಲೂ ಕೊನೆಯಲ್ಲೂ ಕೈಯಿಂದ ಹಾಕಬೇಕಾದ ವ್ಯವಹಾರದಲ್ಲಿ, ಉದಾಹರಣೆಗೆ ಮಣ್ಣು ತೆಗೆದು ಕೊನೆಗೆ ಗುಂಡಿ ಮುಚ್ಚಿಕೊಡಬೇಕಾದ ಗುತ್ತಿಗೆಯಲ್ಲಿ, ಎರಡು ಉತ್ತರ ಬರಬಹುದು. -1,00,000, ನಂತರ 2,30,000, ನಂತರ -1,32,000 ಎಂದು ಹಾಕಿ ನೋಡಿ. `IRR` 10% ಎನ್ನುತ್ತದೆ. ಸೂತ್ರದ ಕೊನೆಯಲ್ಲಿ 25% ಎಂದು ಊಹೆ ಕೊಟ್ಟರೆ 20% ಎನ್ನುತ್ತದೆ. ಎರಡೂ ಗಣಿತದಲ್ಲಿ ಸರಿ, ಎರಡರಿಂದಲೂ ತೀರ್ಮಾನ ಮಾಡಲಾಗದು. ಅಂಥ ಕಡೆ ಐಆರ್‌ಆರ್ ಬಿಟ್ಟು ನಿಮ್ಮ ಬಡ್ಡಿ ದರದಲ್ಲಿ ಎನ್‌ಪಿವಿ ಮಾತ್ರ ನೋಡಿ.

ಇನ್ನು B ಕಾಲಂಗೆ ಏನು ಹಾಕಿದ್ದೀರಿ ಎನ್ನುವ ಪ್ರಶ್ನೆ. "ಖರ್ಚು ಕಳೆದು" ಎಂದು ಬರೆದಿದ್ದೀರಿ. ಆ ಖರ್ಚಿನಲ್ಲಿ ಸಾಲದ ಕಂತು ಸೇರಿದ್ದರೆ ತೆಗೆದುಬಿಡಿ. 14% ಎಂದು ಸೂತ್ರಕ್ಕೆ ಕೊಟ್ಟಾಗಲೇ ಬಡ್ಡಿ ಲೆಕ್ಕಕ್ಕೆ ಬಂದಾಯಿತು, ಐದು ಲಕ್ಷ ಅಸಲು B2ನಲ್ಲಿ ಇದೆ. ಕಂತನ್ನೂ ಕಳೆದರೆ ಒಂದೇ ಸಾಲವನ್ನು ಎರಡು ಸಲ ತೀರಿಸಿದಂತೆ. ಯಂತ್ರದ ಸವಕಳಿಯೂ ಹಾಗೇ. ಅದು ಕೈಯಿಂದ ಹೋಗುವ ದುಡ್ಡಲ್ಲ, ಕೊಂಡ ಬೆಲೆ ಮೊದಲೇ ಬಂದಿದೆ, ಮಾರಿದ ಬೆಲೆ ಕೊನೆಗೆ ಬಂದಿದೆ.

ಕಳೆಯಲೇಬೇಕಾದದ್ದು ಡೀಸೆಲ್ ಅಥವಾ ಕರೆಂಟ್, ಆಳಿನ ಕೂಲಿ, ಬ್ಲೇಡ್ ಮತ್ತು ಬೆಲ್ಟ್ ಬದಲಿಸುವ ಖರ್ಚು, ಮನೆಯಿಂದ ಮನೆಗೆ ಸಾಗಿಸುವ ಖರ್ಚು. ಜೊತೆಗೆ ನಿಮ್ಮ ಸ್ವಂತ ದುಡಿಮೆ. ಇದನ್ನು ಬಹುತೇಕ ಎಲ್ಲರೂ ಬಿಡುತ್ತಾರೆ. ಹಂಗಾಮಿನಲ್ಲಿ ಯಂತ್ರದ ಹತ್ತಿರ ನೀವೇ ನಿಲ್ಲುವುದಾದರೆ, ಅಷ್ಟು ದಿನ ಬೇರೆ ಕೆಲಸದಲ್ಲಿ ಸಿಗುತ್ತಿದ್ದ ಕೂಲಿಯನ್ನೂ ಕಳೆಯಬೇಕು. ಯಂತ್ರ ಓಡುವ ಐದು ವರ್ಷ, ವರ್ಷಕ್ಕೆ 30,000 ಎಂದು ಹಿಡಿದರೂ ಎನ್‌ಪಿವಿ ಸುಮಾರು 99,000 ರೂಪಾಯಿ ಇಳಿಯುತ್ತದೆ. ಖಾಲಿ ಸೆಲ್‌ನಿಂದ ಆದ ವ್ಯತ್ಯಾಸಕ್ಕಿಂತ ಇದು ಎಷ್ಟೋ ದೊಡ್ಡದು. ನಿಮ್ಮ 90,000, 1,50,000 ಎಂಬ ಅಂಕಿಗಳಲ್ಲಿ ಇದು ಈಗಾಗಲೇ ಕಳೆದಿದೆಯೋ ಇಲ್ಲವೋ ಮನೆಯಲ್ಲಿ ಕೂತು ನೋಡಿ.

ಕೊಳೆ ರೋಗಕ್ಕೆ ಒಂದು ವರ್ಷ ಬಿಟ್ಟಿದ್ದು ಒಳ್ಳೆಯದು. ಮಲೆನಾಡಿನ ಮಳೆ ಬಲ್ಲವರು ಯಾರೂ ಆರು ವರ್ಷವೂ ಪೂರ್ತಿ ಫಸಲು ಎಂದು ಬರೆಯುವುದಿಲ್ಲ. ಆದರೆ ಅದನ್ನು ನಾಲ್ಕನೇ ವರ್ಷಕ್ಕೇ ಯಾಕೆ ಇಟ್ಟಿರಿ? ಬಿಡುವಿಲ್ಲದೆ ಮಳೆ ಹೊಡೆದು ಬೋರ್ಡೋ ದ್ರಾವಣ ಸಿಂಪಡಿಸಲು ಹೊತ್ತೇ ಸಿಗದ ವರ್ಷ ಯಾವುದು ಎಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಅದೇ ಸೊನ್ನೆಯನ್ನು ಮೊದಲ ವರ್ಷಕ್ಕೆ ಇಟ್ಟು ನೋಡಿ. ಅಂದರೆ 0, 90,000, 1,50,000, 1,80,000, 1,60,000, 2,00,000. ಒಟ್ಟು ಅದೇ 7,80,000. ಎನ್‌ಪಿವಿ ಮಾತ್ರ -48,711ಕ್ಕೆ ಕುಸಿಯುತ್ತದೆ. ಬೇಗ ಬರಬೇಕಿದ್ದ ದುಡ್ಡೆಲ್ಲ ಒಂದೊಂದು ವರ್ಷ ತಡವಾಯಿತು, ಐದು ಲಕ್ಷದ ಮೇಲೆ ಇಡೀ ವರ್ಷ ಬಡ್ಡಿ ಬೆಳೆಯಿತು.

ಕೊಳೆಯೇ ಬಾರದೆ ನಾಲ್ಕನೇ ವರ್ಷ 1,70,000 ಸಿಕ್ಕಿದರೆ? ಆಗ 90,732 ಲಾಭ. ನಿಮ್ಮ ಹಾಳೆಯಲ್ಲಿ ಈ ಮೂರನ್ನೂ ಪಕ್ಕಪಕ್ಕದಲ್ಲಿ ಇಡಿ, ಒಂದನ್ನೇ ನಂಬಬೇಡಿ. ಒಂದು ಕೆಟ್ಟ ವರ್ಷ ಯಾವಾಗ ಬರುತ್ತದೆ ಎನ್ನುವುದರ ಮೇಲೆ ಸುಮಾರು ನಲವತ್ತು ಸಾವಿರ, ಬರುತ್ತದೋ ಇಲ್ಲವೋ ಎನ್ನುವುದರ ಮೇಲೆ ಒಂದು ಲಕ್ಷ ನಿಂತಿದೆ. ಇದನ್ನು ನೋಡಿದ ಮೇಲೆ 9,921ನ್ನು ಪೈಸೆ ಲೆಕ್ಕದಲ್ಲಿ ವಾದಿಸುವ ಅಗತ್ಯ ನಿಮಗೂ ಭಾವನಿಗೂ ಇರುವುದಿಲ್ಲ.

ಈಗ ಆ ತಿಂಗಳ ವಿಷಯ. ಮಾರ್ಚ್‌ನಲ್ಲಿ ಕೊಳ್ಳುತ್ತೇನೆ ಎಂದಿದ್ದೀರಿ. ಹಸಿ ಅಡಿಕೆ ಸುಲಿಯುವ ಕೆಲಸ ನಿಮ್ಮ ಕಡೆ ಮಳೆ ಇಳಿದ ಮೇಲೆ ಶುರುವಾಗಿ ಜನವರಿ ಹೊತ್ತಿಗೆ ಮುಗಿಯುತ್ತದೆ. ಬಾಡಿಗೆ ಬಾಕಿ ವಸೂಲಾಗುವುದು ಫೆಬ್ರವರಿ ಕೊನೆಗೆ ಎಂದು ಹಿಡಿಯೋಣ. ಮಾರ್ಚ್‌ನಲ್ಲಿ ಕೊಂಡ ಯಂತ್ರದ ಮೊದಲ ದುಡ್ಡು ಸರಿಯಾಗಿ ಒಂದು ವರ್ಷದ ಮೇಲೆ ಬರುತ್ತದೆ. `NPV` ಸೂತ್ರ ಅಂದುಕೊಳ್ಳುವುದೂ ಹಾಗೇ, ಆದ್ದರಿಂದ ಇಲ್ಲಿವರೆಗಿನ ಲೆಕ್ಕ ನಿಮ್ಮ ಯೋಜನೆಗೆ ಸರಿಹೊಂದುತ್ತದೆ. ಆದರೆ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಯಂತ್ರ ಕೊಟ್ಟಿಗೆಯಲ್ಲಿ ನಿಂತಿರುತ್ತದೆ, ಬಡ್ಡಿ ಮಾತ್ರ ಓಡುತ್ತಿರುತ್ತದೆ.

ಅದೇ ಯಂತ್ರವನ್ನು ಅದೇ ಬೆಲೆಗೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಂಡರೆ ಮೊದಲ ದುಡ್ಡು ಆರು ತಿಂಗಳಿಗೇ ಬರುತ್ತದೆ. ಮುಂದಿನವೂ ಎಲ್ಲ ಅರ್ಧ ವರ್ಷ ಹತ್ತಿರಕ್ಕೆ ಬರುತ್ತವೆ. ಇದನ್ನು `NPV` ಹೇಳಲಾರದು, ಅದಕ್ಕೆ ಪ್ರತಿ ಹೆಜ್ಜೆಯೂ ಸಮ ಅಂತರದಲ್ಲಿ ಇರಬೇಕು. ಇಂಥ ಕಡೆ ತಾರೀಕು ಕೊಡುವ ಸೂತ್ರಗಳು ಬೇಕು. D ಕಾಲಂನಲ್ಲಿ ತಾರೀಕು ಹಾಕಿ: D2ನಲ್ಲಿ ಸೆಪ್ಟೆಂಬರ್ 1, D3ರಿಂದ ಪ್ರತಿ ವರ್ಷದ ಫೆಬ್ರವರಿ 28. ಆಮೇಲೆ:

```
=XNPV(14%,B2:B8,D2:D8)
=XIRR(B2:B8,D2:D8)
```

ಇಲ್ಲಿ `XNPV`ಗೆ ಮೊದಲ ಹೂಡಿಕೆ ಒಳಗೇ ಇರಬೇಕು, ಹೊರಗೆ ಕೂಡಿಸಬಾರದು. ಮೊದಲ ತಾರೀಕನ್ನೇ ಅದು ಇವತ್ತು ಎಂದು ತಿಳಿಯುತ್ತದೆ. ಹಳೆಯ ಅಭ್ಯಾಸದಲ್ಲಿ `+B2` ಎಂದು ಸೇರಿಸಿದರೆ ಐದು ಲಕ್ಷ ಎರಡು ಸಲ ಹೋಗುತ್ತದೆ. ಕೊಳೆ ವರ್ಷಕ್ಕೆ ಇಲ್ಲೂ ತಾರೀಕು ಬರೆದು 0 ಹಾಕಿ. ತಾರೀಕನ್ನು ಎಕ್ಸೆಲ್ ತಾರೀಕು ಎಂದೇ ಓದಿದೆಯೇ ನೋಡಿಕೊಳ್ಳಿ. ಅಕ್ಷರ ಎಂದು ತಿಳಿದರೆ `#VALUE!` ಬರುತ್ತದೆ.

ನಾಲ್ಕನೇ ವರ್ಷದ ಕೊಳೆ ಸೇರಿಯೇ ಈ ಲೆಕ್ಕ ಮಾಡಿದರೆ ಎನ್‌ಪಿವಿ 23,000 ರೂಪಾಯಿಗೂ ಸ್ವಲ್ಪ ಮೇಲೆ ಪ್ಲಸ್ ಬರುತ್ತದೆ. ದರ 16%ಕ್ಕೆ ಸ್ವಲ್ಪ ಕಡಿಮೆ. ಯಂತ್ರ ಅದೇ, ಬಾಡಿಗೆ ಅದೇ, ಸಾಲ ಅದೇ. ಬದಲಾಗಿದ್ದು ಕೊಂಡ ತಿಂಗಳು ಮಾತ್ರ.

ಹಾಗಾಗಿ ನನ್ನ ಉತ್ತರ ಹೀಗೆ. ಮಾರ್ಚ್‌ನಲ್ಲಿ ಐದು ಲಕ್ಷಕ್ಕೆ ಬೇಡ. ಮಾರ್ಚ್‌ನಲ್ಲೇ ಕೊಳ್ಳಬೇಕೆಂದರೆ 4,90,000ಕ್ಕಿಂತ ಚೆನ್ನಾಗಿ ಕೆಳಗೆ ಇಳಿಸಿ ಕೇಳಿ. ಸೆಪ್ಟೆಂಬರ್‌ಗೆ ಕಾಯುವುದಾದರೆ ಹಂಗಾಮಿನ ಗಿರಾಕಿ ಎಂದು ಬೆಲೆ ಏರಿಸಬಹುದು. 5,23,000 ದಾಟಿದರೆ ಕಾದಿದ್ದರ ಲಾಭ ಪೂರ್ತಿ ಹೋಗುತ್ತದೆ. ಈಗಲೇ ಸಣ್ಣ ಅಡ್ವಾನ್ಸ್ ಕೊಟ್ಟು ಬೆಲೆ ಗಟ್ಟಿ ಮಾಡಿಕೊಂಡು, ಸಾಲ ಮತ್ತು ಯಂತ್ರ ಎರಡನ್ನೂ ಸೆಪ್ಟೆಂಬರ್‌ನಲ್ಲಿ ತೆಗೆದುಕೊಳ್ಳಲು ಡೀಲರ್ ಒಪ್ಪುತ್ತಾರಾ ಕೇಳಿ ನೋಡಿ. ಅಡ್ವಾನ್ಸ್ ಕೊಟ್ಟ ತಾರೀಕನ್ನೂ ಮೊತ್ತವನ್ನೂ `XNPV` ಸಾಲಿನ ಮೊದಲಿಗೆ ಮೈನಸ್ ಆಗಿ ಬರೆಯಿರಿ, ಸೆಪ್ಟೆಂಬರ್ ಸಾಲಿನಲ್ಲಿ ಉಳಿದ ದುಡ್ಡು ಮಾತ್ರ ಇರಲಿ. ನಿಮ್ಮ ಸ್ವಂತ ಕೂಲಿ ಇನ್ನೂ ಕಳೆದಿಲ್ಲವಾದರೆ ಮೊದಲು ಅದನ್ನು ಕಳೆದು ಮತ್ತೊಮ್ಮೆ ನೋಡಿ. ಆಗಲೂ ಪ್ಲಸ್ ಬಂದರೆ ಮಾತ್ರ ಅಡ್ವಾನ್ಸ್ ಕೊಡಿ.